ಅವಳಿಗಳ ಕಾರ್ಟೂನಿನಲ್ಲಿ ಇಬ್ಬರೂ ಒಬ್ಬನೇ ಆಗಿ ಕಂಡರೆ: ದೋಷ ಹುಡುಕುವ ಕ್ರಮ

ಅವಳಿ ಮಕ್ಕಳ ಫೋಟೋ ನೋಡಿ ಕಾರ್ಟೂನ್ ಬರೆದುಕೊಟ್ಟಾಗ ಮನೆಯವರಿಂದ ಬರುವ ದೂರುಗಳಲ್ಲಿ ಮೂರು ಬಗೆ. ‘ಇಬ್ಬರೂ ಒಬ್ಬನೇ ಆಗಿದ್ದಾನೆ’ ಎನ್ನುವುದು ಮೊದಲನೆಯದು. ‘ಬೇರೆ ಬೇರೆ ಕಾಣುತ್ತಾರೆ ನಿಜ, ಆದರೆ ಒಂದೇ ಮನೆಯ ಮಕ್ಕಳೆಂದು ಅನಿಸುವುದಿಲ್ಲ’ ಎನ್ನುವುದು ಎರಡನೆಯದು. ‘ಅಣ್ಣನ ಜಾಗದಲ್ಲಿ ತಮ್ಮ ನಿಂತಿದ್ದಾನೆ’ ಎನ್ನುವುದು ಮೂರನೆಯದು. ಹೆಚ್ಚಿನವರು ಇವನ್ನು ಬಿಡಿಸಿ ಹೇಳುವುದಿಲ್ಲ, ಮುಖ ಸರಿಬಂದಿಲ್ಲ ಎಂದಷ್ಟೇ ಹೇಳುತ್ತಾರೆ. ಚಿತ್ರ ಬರೆದವನೇ ಕೇಳಿ ಬಿಡಿಸಿಕೊಳ್ಳಬೇಕು. ಏಕೆಂದರೆ ಮೊದಲನೆಯ ದೂರಿಗೆ ಮಾಡುವ ಮದ್ದು ಎರಡನೆಯದನ್ನು ಹುಟ್ಟಿಸುತ್ತದೆ. ಮೂರನೆಯದಕ್ಕಂತೂ ಹೆಚ್ಚಿನ ಸಲ ಚಿತ್ರದಲ್ಲಿ ಮದ್ದೇ ಇರುವುದಿಲ್ಲ, ಅದರ ಬೇರು ಫೋಟೋದಲ್ಲಿ ಇರುತ್ತದೆ.

ಸುಲಭದ ದಾರಿಯೊಂದನ್ನು ಮೊದಲೇ ಬದಿಗಿಡುತ್ತೇನೆ. ಒಬ್ಬನಿಗೆ ಕೆಂಪು ಅಂಗಿ, ಇನ್ನೊಬ್ಬನಿಗೆ ನೀಲಿ ಅಂಗಿ ಹಾಕಿದರೆ ಗುರುತು ಸಿಗುತ್ತದೆ, ಮುಖ ಸಿಗುವುದಿಲ್ಲ. ಕೆಳಗೆ ಹೆಸರು ಬರೆದಿಟ್ಟಂತೆಯೇ ಅದು. ಇಲ್ಲಿ ಎತ್ತಿಕೊಂಡಿರುವ ಪ್ರಕರಣದಲ್ಲಿ ಆ ದಾರಿಯೂ ಮುಚ್ಚಿತ್ತು. ಉಡುಪಿಯ ಒಂದು ಮನೆಯ ಅವಳಿ ಹುಡುಗರ ಉಪನಯನಕ್ಕೆ ಆಮಂತ್ರಣ ಪತ್ರಿಕೆಯ ಚಿತ್ರ. ಇಬ್ಬರದೂ ಬೋಳಿಸಿದ ತಲೆ, ಹಿಂದೆ ಜುಟ್ಟು, ಒಂದೇ ಬಗೆಯ ಪಂಚೆ ಮತ್ತು ಶಲ್ಯ, ಹಣೆಯಲ್ಲಿ ಗೋಪಿಚಂದನದ ನಾಮ, ಕೈಯಲ್ಲಿ ಮುತ್ತುಗದ ದಂಡ. ಬೈತಲೆ, ಕ್ರಾಪು, ಅಂಗಿ ಹೀಗೆ ಹೊರಗಿನವರು ಅವಳಿಗಳನ್ನು ಗುರುತಿಸಲು ಹಿಡಿದುಕೊಳ್ಳುವ ಎಲ್ಲವೂ ಹೋಗಿ ಉಳಿದದ್ದು ಹುಬ್ಬಿನಿಂದ ಗದ್ದದವರೆಗಿನ ಮುಖ ಮಾತ್ರ.

ಮನೆಯವರು ಬೇರೆ ಕಡೆ ಮಾಡಿಸಿದ ಎರಡು ಚಿತ್ರಗಳನ್ನು ತಂದಿದ್ದರು. ಮೊದಲನೆಯದನ್ನು ನೋಡಿ ಅಜ್ಜಿ, “ಇವನೂ ಸಣ್ಣವ, ಅವನೂ ಸಣ್ಣವ. ದೊಡ್ಡವ ಎಲ್ಲಿ?” ಎಂದು ಕೇಳಿದ್ದರು. ಪ್ರತಿಯೊಬ್ಬನನ್ನೂ ಬೇರೆ ಬೇರೆಯಾಗಿ ಬರೆಯಿರಿ ಎಂದು ಹೇಳಿ ಮಾಡಿಸಿದ ಎರಡನೆಯ ಚಿತ್ರಕ್ಕೆ, “ಈಗ ಇಬ್ಬರೂ ಇದ್ದಾರೆ ಮಾರಾಯರೇ, ಆದರೆ ಹೆಸರು ಅದಲುಬದಲಾಗಿದೆ” ಎಂದಿದ್ದರು. ಅಂದರೆ ಮೊದಲ ಚಿತ್ರಕ್ಕೆ ಒಂದನೆಯ ದೂರು, ಎರಡನೆಯ ಚಿತ್ರಕ್ಕೆ ಮೂರನೆಯ ದೂರು.

ತಿರುಗಿಸಿದ ನಕಲು

ಮೊದಲ ಚಿತ್ರದ ದೋಷ ಹಿಡಿದವರು ಅಜ್ಜ. ಮುಖ ನೋಡಿ ಅಲ್ಲ, ಜನಿವಾರ ನೋಡಿ. ಒಬ್ಬ ಹುಡುಗನ ಜನಿವಾರ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿದಿತ್ತು. ಇನ್ನೊಬ್ಬನದು ಬಲ ಹೆಗಲಿನಿಂದ ಎಡಕ್ಕೆ. ಜನಿವಾರ ಬಲ ಹೆಗಲಿಗೆ ಬರುವುದು ಪಿತೃಕಾರ್ಯದಲ್ಲಿ. ಬ್ರಹ್ಮೋಪದೇಶದ ಪತ್ರಿಕೆಯಲ್ಲಿ ಅದು ಅಚ್ಚಾಗಿದ್ದರೆ ನೆಂಟರಿಷ್ಟರ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಹೀಗಾಗುವುದು ಒಂದೇ ಕಾರಣಕ್ಕೆ. ಒಬ್ಬನನ್ನು ಬರೆದು, ಅದರ ನಕಲು ತೆಗೆದು, ಎದುರುಬದುರು ನಿಲ್ಲಿಸಲು ಅಡ್ಡಡ್ಡ ತಿರುಗಿಸಿದ್ದಾರೆ. ಅವಳಿಗಳ ಕೆಲಸದಲ್ಲಿ ಇದು ಬಹಳ ಸಾಮಾನ್ಯ. ಎಲ್ಲ ಚಿತ್ರಗಳಲ್ಲೂ ಜನಿವಾರದಂಥ ಸಾಕ್ಷಿ ಇರುವುದಿಲ್ಲ. ಆಗ ಜಿಂಪ್ ತಂತ್ರಾಂಶದಲ್ಲಿ ಎರಡು ಮುಖಗಳನ್ನು ಎರಡು ಪದರಗಳಲ್ಲಿ ಇಡಿ. ಮೇಲಿನದನ್ನು `Layer > Transform > Flip Horizontally` ಮೂಲಕ ತಿರುಗಿಸಿ ಕಣ್ಣಿಗೆ ಕಣ್ಣು ಕೂಡಿಸಿ, ಪದರದ ಮೋಡನ್ನು `Difference` ಮಾಡಿ. ಎರಡೂ ಒಂದೇ ಆಗಿದ್ದಲ್ಲಿ ಕಪ್ಪು, ಬೇರೆಯಾಗಿದ್ದಲ್ಲಿ ಬೆಳಕು ಕಾಣುತ್ತದೆ. ಮುಖವಿಡೀ ಕಪ್ಪಾದರೆ ನಕಲು ಖಚಿತ. ಹುಬ್ಬು ಅಥವಾ ತುಟಿಯ ಬಳಿ ಮಾತ್ರ ಬೆಳಕಿದ್ದರೆ ನಕಲು ತೆಗೆದು ಆಮೇಲೆ ಸ್ವಲ್ಪ ತಿದ್ದಿದ್ದಾರೆ ಎಂದು ಅರ್ಥ.

ಅವಳಿಗಳಲ್ಲಿ ಕೆಲವರು ಕನ್ನಡಿಯ ಬಿಂಬದಂತೆ ಇರುತ್ತಾರಲ್ಲ, ತಿರುಗಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ತದ್ರೂಪಿ ಅವಳಿಗಳಲ್ಲಿ ಕೆಲವರಿಗೆ ತಲೆಯ ಸುಳಿಯೋ ಬಳಸುವ ಕೈಯೋ ಎದುರುಬದುರಾಗಿ ಇರುವುದು ನಿಜ. ಆದರೆ ಅದು ಎಲ್ಲ ಅವಳಿಗಳಿಗೂ ಇಲ್ಲ, ಇರುವವರಲ್ಲೂ ಎಲ್ಲ ಅಂಗಕ್ಕೂ ಇಲ್ಲ. ನಕಲನ್ನು ಸಮರ್ಥಿಸಿಕೊಳ್ಳಲು ಅದನ್ನು ಎಳೆದು ತರುವುದು ಬೇಡ.

ದೋಷ ಯಾವ ಹಂತದಲ್ಲಿದೆ?

ಎರಡನೆಯ ಚಿತ್ರ ನಕಲಾಗಿರಲಿಲ್ಲ. ಅಲ್ಲಿ ದೋಷ ಮೂರು ಜಾಗಗಳಲ್ಲಿ ಎಲ್ಲಿ ಬೇಕಾದರೂ ಇರಬಹುದಿತ್ತು: ಫೋಟೋದಲ್ಲಿ, ಫೋಟೋವನ್ನು ನಯಗೊಳಿಸುವ ಫಿಲ್ಟರಿನಲ್ಲಿ, ಇಲ್ಲವೇ ಉತ್ಪ್ರೇಕ್ಷೆಯಲ್ಲಿ. ಯಾವುದೆಂದು ತಿಳಿಯದೆ ಚಿತ್ರ ತಿದ್ದುತ್ತಾ ಹೋದರೆ ದಿನ ಹೋಗುತ್ತದೆ, ಮುಖ ಬರುವುದಿಲ್ಲ.

ಇದಕ್ಕೆ ನಾನು ನಂಬುವ ಪರೀಕ್ಷೆ ಚೀಟಿಗಳದ್ದು. ಚಿತ್ರ ಬರೆಯಲು ಬಳಸಿದ ಫೋಟೋಗಳಿಂದ ಎರಡು ಮುಖ, ಕಾರ್ಟೂನಿನಿಂದ ಎರಡು ಮುಖ, ಒಟ್ಟು ನಾಲ್ಕು ಚೀಟಿ. ಪ್ರತಿಯೊಂದನ್ನೂ ಹುಬ್ಬಿನ ಸ್ವಲ್ಪ ಮೇಲಿನಿಂದ ಗದ್ದದವರೆಗೆ, ಕಿವಿ ಮತ್ತು ಕೂದಲು ಸೇರದಂತೆ ಕತ್ತರಿಸಬೇಕು. ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಬೇಕು. ಗುರುತಿನ ಮಚ್ಚೆ ಇದ್ದರೆ ಅದನ್ನೂ ಅಳಿಸಬೇಕು. ಮೊದಲು ಫೋಟೋದ ಎರಡು ಚೀಟಿಗಳನ್ನು ತೋರಿಸಿ ಯಾರು ಯಾರು ಎಂದು ಕೇಳಬೇಕು. ಆಮೇಲೆ ಕಾರ್ಟೂನಿನವು. ಫೋಟೋ ಚೀಟಿಯಲ್ಲೇ ತಪ್ಪು ಹೇಳಿದರೆ ಫೋಟೋ ಕೆಟ್ಟಿದೆ. ಅದರಲ್ಲಿ ಸರಿ ಹೇಳಿ ಕಾರ್ಟೂನಿನಲ್ಲಿ ತಪ್ಪಿದರೆ ದೋಷ ನಿಮ್ಮ ಮೇಜಿನ ಮೇಲಿದೆ.

ಯಾರನ್ನು ಕೇಳುತ್ತೀರಿ ಎನ್ನುವುದು ಮುಖ್ಯ. ಪರಿಚಯವಿಲ್ಲದವರು ಮುಖವನ್ನು ಹೆಚ್ಚಾಗಿ ಕೂದಲು ಮತ್ತು ಹೊರ ಆಕಾರದಿಂದ ನೆನಪಿಟ್ಟುಕೊಳ್ಳುತ್ತಾರೆ. ಚೆನ್ನಾಗಿ ಬಲ್ಲವರು ಕಣ್ಣು, ಹುಬ್ಬು, ಮೂಗು, ಬಾಯಿಯಿಂದ ಗುರುತಿಸುತ್ತಾರೆ. ಹಾಗಾಗಿ ಪಕ್ಕದ ಅಂಗಡಿಯವರ ಅಭಿಪ್ರಾಯಕ್ಕೆ ಇಲ್ಲಿ ಬೆಲೆ ಇಲ್ಲ, ಮನೆಯೊಳಗಿನವರೇ ಬೇಕು. ಒಬ್ಬರು ಸರಿ ಹೇಳಿದರೆ ಸಾಲದು, ಕಣ್ಣುಮುಚ್ಚಿ ಹೇಳಿದರೂ ಅರ್ಧದಷ್ಟು ಸಲ ಸರಿಯಾಗುತ್ತದೆ. ನಾಲ್ವರು ಬೇರೆ ಬೇರೆಯಾಗಿ ಸರಿ ಹೇಳಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಹದಿನಾರರಲ್ಲಿ ಒಂದು. ಅಷ್ಟಾದರೆ ನಂಬಬಹುದು. ಫೋಟೋ ತೆಗೆದವರನ್ನು ಮಾತ್ರ ಕೇಳಬೇಡಿ, ಅವರಿಗೆ ಮುಖಕ್ಕಿಂತ ಮೊದಲು ಆ ಫೋಟೋವೇ ನೆನಪಾಗುತ್ತದೆ.

ಈ ಮನೆಯಲ್ಲಿ ತಾಯಿ ಫೋಟೋ ಚೀಟಿಗಳನ್ನು ಸರಿಯಾಗಿ ಹೇಳಿದರು. ಎರಡೂ ಫೋಟೋಗಳು ಅವರ ಮೊಬೈಲಿನಲ್ಲೇ ಇದ್ದವು, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಜ್ಜಿ, ಅಜ್ಜ, ಚಿಕ್ಕಪ್ಪ ಮೂವರೂ ಅದಲುಬದಲು ಮಾಡಿದರು. ಹುಟ್ಟಿದಂದಿನಿಂದ ಎತ್ತಿ ಆಡಿಸಿದವರು ಫೋಟೋದಲ್ಲೇ ತಪ್ಪಿದ್ದರಿಂದ ಹುಡುಕಾಟ ಅಲ್ಲಿಂದಲೇ ಶುರುವಾಯಿತು.

ಎರಡು ಫೋಟೋ, ಎರಡು ಸುಳ್ಳು

ದೊಡ್ಡವನ ಫೋಟೋ ಮದುವೆಯೊಂದರ ಗುಂಪಿನ ಚಿತ್ರದಿಂದ ಕತ್ತರಿಸಿದ್ದು. ಅವನು ಸಾಲಿನ ಕೊನೆಯ ಹತ್ತಿರ ನಿಂತಿದ್ದ. ಸಣ್ಣವನದು ಚಿಕ್ಕಪ್ಪನ ಜೊತೆ ತೆಗೆದ ಸೆಲ್ಫಿ.

ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಅಂಥ ಮಸೂರ ಗೋಡೆ, ಕಂಬಗಳ ನೇರ ಗೆರೆಗಳನ್ನು ನೇರವಾಗಿಯೇ ಉಳಿಸಿಕೊಳ್ಳಲು ಅಂಚಿನಲ್ಲಿರುವ ಉಬ್ಬಿದ ವಸ್ತುಗಳನ್ನು ಹೊರಕ್ಕೆ ಎಳೆಯುತ್ತದೆ. 26 ಮಿ.ಮೀ. ಮಸೂರಕ್ಕೆ ಸಮನಾದ ಮೊಬೈಲ್ ಕ್ಯಾಮೆರಾದ ಅಡ್ಡ ಫೋಟೋದಲ್ಲಿ ತುತ್ತತುದಿಯ ತಲೆ ಸುಮಾರು ಶೇ 20ರಷ್ಟು ಅಗಲವಾಗುತ್ತದೆ. ನಡುವಿನಿಂದ ಅಂಚಿಗೆ ಇರುವ ದೂರದಲ್ಲಿ ಮುಕ್ಕಾಲು ಭಾಗ ಆಚೆ ನಿಂತಿದ್ದ ಈ ಹುಡುಗನ ಮುಖಕ್ಕೆ ಸಿಕ್ಕಿದ್ದು ಸುಮಾರು ಶೇ 12. ಕೆಲವು ಫೋನುಗಳು ಇದನ್ನು ತಾವೇ ತಿದ್ದುತ್ತವೆ, ಎಲ್ಲವೂ ಅಲ್ಲ.

ಸೆಲ್ಫಿಯಲ್ಲಿ ಆಗುವುದು ಇದಕ್ಕೆ ಉಲ್ಟಾ. ಕ್ಯಾಮೆರಾ ಮೂಗಿನಿಂದ 40 ಸೆಂ.ಮೀ. ದೂರದಲ್ಲಿದ್ದು, ಕಿವಿಗಳು ಮೂಗಿಗಿಂತ 10 ಸೆಂ.ಮೀ. ಹಿಂದೆ ಇವೆ ಎಂದುಕೊಳ್ಳಿ. ಆಗ ಮೂಗು ಕಿವಿಗಿಂತ 50ಕ್ಕೆ 40ರ ಪ್ರಮಾಣದಲ್ಲಿ, ಅಂದರೆ ಒಂದೂಕಾಲು ಪಟ್ಟು ಹಿಗ್ಗಿ ಮೂಡುತ್ತದೆ. ಎರಡು ಮೀಟರ್ ದೂರದಿಂದ ತೆಗೆದರೆ ಇದೇ ಹಿಗ್ಗುವಿಕೆ ಶೇ 5 ಮಾತ್ರ. ಮುಖದ ನಡುಭಾಗ ಮುಂದೆ ಬಂದು, ದವಡೆ ಮತ್ತು ಕೆನ್ನೆಯ ಅಂಚು ಹಿಂದೆ ಸರಿದು, ಹುಡುಗ ಉದ್ದಮುಖದವನಾಗುತ್ತಾನೆ.

ಈ ಅವಳಿಗಳಲ್ಲಿ ನಿಜವಾಗಿ ಅಗಲ ದವಡೆ ಇರುವುದು ಸಣ್ಣವನಿಗೆ. ಗುಂಪಿನ ಫೋಟೋ ದೊಡ್ಡವನನ್ನು ಅಗಲ ಮಾಡಿತ್ತು, ಸೆಲ್ಫಿ ಸಣ್ಣವನನ್ನು ಕಿರಿದು ಮಾಡಿತ್ತು. ಕಲಾವಿದರು ಕಂಡದ್ದನ್ನು ನಿಷ್ಠೆಯಿಂದ ಬರೆದಿದ್ದರು. ಅದಲುಬದಲಾದದ್ದು ಹೀಗೆ. ಮುಂದೆ ಅಳೆದು ನೋಡಿದಾಗ ಇಬ್ಬರ ದವಡೆಯ ನಡುವೆ ಇದ್ದ ನಿಜವಾದ ವ್ಯತ್ಯಾಸ ಶೇ 3ರಷ್ಟು. ಮಸೂರ ಹೇಳಿದ ಸುಳ್ಳು ಅದರ ನಾಲ್ಕು ಪಟ್ಟು ದೊಡ್ಡದು. ಬೇರೆಯವರ ಫೋಟೋದಲ್ಲಿ ಶೇ 12 ಹೆಚ್ಚುಕಡಿಮೆಯಾದರೂ ಕಾರ್ಟೂನ್ ಹೇಗೋ ನಡೆದುಹೋಗುತ್ತದೆ, ಅವಳಿಗಳಲ್ಲಿ ನಡೆಯುವುದಿಲ್ಲ.

ಅಂಚಿನ ಹಿಗ್ಗುವಿಕೆ ಅಡ್ಡ ಅಳತೆಗಳನ್ನು ಮಾತ್ರ ಹೋಲಿಸಿದರೆ ಸಿಕ್ಕಿಬೀಳುವುದಿಲ್ಲ. ದವಡೆಯ ಜೊತೆ ಕಣ್ಣುಗಳ ಅಂತರವೂ ಅಷ್ಟೇ ಹಿಗ್ಗಿರುತ್ತದೆ. ಕಣ್ಣಿನ ಗೆರೆಯಿಂದ ಗದ್ದದವರೆಗಿನ ಉದ್ದವನ್ನು ಕಣ್ಣುಗಳ ಅಂತರದಿಂದ ಭಾಗಿಸಿ, ಅದೇ ಹುಡುಗನ ಇನ್ನೊಂದು ಫೋಟೋದ ಲೆಕ್ಕದೊಂದಿಗೆ ಹೋಲಿಸಿ ನೋಡಬೇಕು. ಎರಡೂ ತಾಳೆಯಾಗದಿದ್ದರೆ ಯಾವುದೋ ಒಂದು ಫೋಟೋ ಸುಳ್ಳು ಹೇಳುತ್ತಿದೆ.

ಸೆಲ್ಫಿಗೆ ಇನ್ನೊಂದು ಚಾಳಿ ಇದೆ. ಕೆಲವು ಫೋನುಗಳು ಮುಂಬದಿ ಕ್ಯಾಮೆರಾದ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆಯೇ ಉಳಿಸುತ್ತವೆ. ಮಚ್ಚೆ ಕೆನ್ನೆ ಬದಲಿಸುತ್ತದೆ, ಓರೆ ನಗು ಆಚೆ ಬದಿಗೆ ಹೋಗುತ್ತದೆ. ಅಂಗಿಯ ಮೇಲಿನ ಅಕ್ಷರ ನೋಡಿ. ಅಕ್ಷರ ಇಲ್ಲದಿದ್ದರೆ ಗುಂಡಿ ನೋಡಿ, ಗಂಡಸರ ಅಂಗಿಯಲ್ಲಿ ತೊಟ್ಟವರ ಎಡಬದಿಯ ಪಟ್ಟಿ ಮೇಲೆ ಬರುತ್ತದೆ. ಅಕ್ಕತಂಗಿಯರಾದರೆ ಸೀರೆಯ ಸೆರಗು ಸಾಕು, ನಮ್ಮ ಕಡೆಯಲ್ಲಿ ಅದು ಎಡ ಹೆಗಲಿನದು.

ಹೊಸ ಫೋಟೋಗಳನ್ನು ಅವರ ಮನೆಯ ಜಗಲಿಯಲ್ಲೇ ತೆಗೆದದ್ದಾಯಿತು. ಒಂದೇ ಸ್ಟೂಲು, ಹಿಂದೆ ಒಂದೇ ಗೋಡೆ, ಅಂಗಳದ ಕಡೆಯಿಂದ ಬರುವ ಒಂದೇ ಬೆಳಕು. ಒಬ್ಬ ಎದ್ದೊಡನೆ ಇನ್ನೊಬ್ಬ ಕುಳಿತ. ಫೋನು ಎರಡು ಮೀಟರ್ ದೂರದಲ್ಲಿ, ಹುಡುಗನ ಕಣ್ಣಿನ ಮಟ್ಟದಲ್ಲಿ, ಎರಡು ಪಟ್ಟು ಜೂಮಿನಲ್ಲಿ, ಮುಖ ಚೌಕಟ್ಟಿನ ನಡುವೆ. ಸುಮ್ಮನೆ ಕುಳಿತ ಮೂರು, ನಕ್ಕದ್ದು ಕೆಲವು. ತಲೆ ಮೇಲೆ ಕೆಳಗೆ ಆಗಿದೆಯೇ ಎಂದು ಕಿವಿ ಹೇಳುತ್ತದೆ: ಗದ್ದ ತಗ್ಗಿಸಿದರೆ ಕಿವಿ ಕಣ್ಣಿಗಿಂತ ಮೇಲೇರಿದಂತೆ, ಗದ್ದ ಎತ್ತಿದರೆ ಇಳಿದಂತೆ ಕಾಣುತ್ತದೆ. ಇಬ್ಬರ ಫೋಟೋದಲ್ಲೂ ಕಿವಿಯ ಮೇಲ್ತುದಿ ಕಣ್ಣಿನ ಹೊರತುದಿಗೆ ಒಂದೇ ಲೆಕ್ಕದಲ್ಲಿ ಇದ್ದರೆ ಮಾತ್ರ ಆ ಜೋಡಿಯನ್ನು ಅಳತೆಗೆ ಇಟ್ಟುಕೊಳ್ಳಬೇಕು.

ಈ ಫೋಟೋಗಳಿಂದ ಮಾಡಿದ ಚೀಟಿಗಳನ್ನು ಅಜ್ಜಿ ಕನ್ನಡಕ ಹಾಕಿಕೊಳ್ಳುವ ಮೊದಲೇ ಸರಿಯಾಗಿ ಹೇಳಿದರು. ಮಿಕ್ಕವರೂ ತಪ್ಪಲಿಲ್ಲ. ಮುಂಬಯಿಯಿಂದ ಬಂದಿದ್ದ ಸೋದರತ್ತೆ ಮಾತ್ರ ತಪ್ಪಿದರು. ವರ್ಷಕ್ಕೊಮ್ಮೆ ನೋಡುವವರು ಈ ಪರೀಕ್ಷೆಯ ಮಟ್ಟಿಗೆ ಹೊರಗಿನವರೇ.

ಫಿಲ್ಟರ್ ಅಳಿಸಿದ್ದು

ಇದನ್ನು ಬೇಗ ಮುಗಿಸಬಹುದು. ಫೋಟೋವನ್ನು ಚಪ್ಪಟೆ ಬಣ್ಣಗಳಿಗೆ ಇಳಿಸಲು ಹೆಚ್ಚಿನವರು ಬಳಸುವುದು ಅಂಚುಗಳನ್ನು ಉಳಿಸಿ ಒಳಗಿನದನ್ನು ನಯಗೊಳಿಸುವ ಬೈಲ್ಯಾಟರಲ್ ಫಿಲ್ಟರ್. ಕಂಪ್ಯೂಟರಿನಲ್ಲಿ ಓಪನ್‌ಸಿವಿ ಬಳಸುವವರಿಗೆ ಅದು ಇಷ್ಟೇ:

```python
import cv2
img = cv2.imread("anna.png")
for _ in range(3):
    img = cv2.bilateralFilter(img, 9, 10, 9)
cv2.imwrite("anna_flat.png", img)
```

ನಡುವಿನ `10` ಎಂಬ ಸಂಖ್ಯೆಯಲ್ಲಿ ಎಲ್ಲವೂ ಅಡಗಿದೆ. ಎಷ್ಟು ಬಣ್ಣವ್ಯತ್ಯಾಸದವರೆಗೆ ಪಕ್ಕದ ಚುಕ್ಕಿಗಳನ್ನು ಒಂದೇ ಎಂದು ಬಗೆದು ಬೆರೆಸಬೇಕು ಎನ್ನುವುದನ್ನು ಅದು ನಿರ್ಧರಿಸುತ್ತದೆ. ಕೆಂಪು, ಹಸಿರು, ನೀಲಿ ಮೂರರ ವ್ಯತ್ಯಾಸವನ್ನೂ ಕೂಡಿಸಿದಾಗ ಚರ್ಮಕ್ಕಿಂತ 30 ಹಂತ ಕಪ್ಪಾದ ಸಣ್ಣ ಮಚ್ಚೆಯೊಂದನ್ನು ತೆಗೆದುಕೊಳ್ಳಿ. ಸಂಖ್ಯೆ 40 ಇದ್ದರೆ ಪಕ್ಕದ ಚರ್ಮಕ್ಕೆ ಮುಕ್ಕಾಲು ಪಾಲು ತೂಕ ಸಿಕ್ಕಿ ಮಚ್ಚೆ ಕರಗಿಹೋಗುತ್ತದೆ. 10 ಇದ್ದರೆ ನೂರರಲ್ಲಿ ಒಂದು ಪಾಲು ಮಾತ್ರ, ಮಚ್ಚೆ ಉಳಿಯುತ್ತದೆ. ಹುಬ್ಬಿನ ತುದಿಯ ತೆಳುಗೂದಲು, ರೆಪ್ಪೆಯ ಮಡಿಕೆ, ತುಟಿಯ ಕೊನೆಯ ನೆರಳು ಎಲ್ಲವೂ ಇದೇ ಹಂತದವು. ಅವಳಿಗಳ ವ್ಯತ್ಯಾಸ ಇರುವುದೂ ಅಲ್ಲಿಯೇ. ಮೊಬೈಲಿನ ಸಿದ್ಧ ಕಾರ್ಟೂನ್ ಫಿಲ್ಟರುಗಳಲ್ಲಿ ಈ ತಿರುಗಣೆ ನಿಮ್ಮ ಕೈಗೆ ಸಿಗದಿದ್ದರೆ ಅವಳಿಗಳಿಗೆ ಅವುಗಳನ್ನು ಬಳಸದಿರುವುದೇ ಮೇಲು.

ಇದಕ್ಕಿಂತ ಕಾಣದ ದೋಷ ಗಾತ್ರದ್ದು. ಗುಂಪಿನ ಫೋಟೋದಲ್ಲಿ ದೊಡ್ಡವನ ಮುಖ ಕೆಲವು ನೂರು ಚುಕ್ಕಿಗಳಷ್ಟು, ಸೆಲ್ಫಿಯಲ್ಲಿ ಸಣ್ಣವನದು ಅದರ ಹಲವು ಪಟ್ಟು. 9 ಚುಕ್ಕಿ ಅಗಲದ ಒಂದೇ ಫಿಲ್ಟರು ಒಬ್ಬನ ಹುಬ್ಬನ್ನು ನುಂಗುತ್ತದೆ, ಇನ್ನೊಬ್ಬನದನ್ನು ಮುಟ್ಟುವುದೂ ಇಲ್ಲ. ಫಿಲ್ಟರ್ ಹಾಕುವ ಮೊದಲೇ ಎರಡೂ ಮುಖಗಳನ್ನು ಒಂದೇ ಗಾತ್ರಕ್ಕೆ ತನ್ನಿ. ನಾನು ಕಣ್ಣುಗಳ ಅಂತರ 400 ಚುಕ್ಕಿ ಆಗುವಂತೆ ಇಟ್ಟುಕೊಳ್ಳುತ್ತೇನೆ. ಮೂಲವೇ ಚಿಕ್ಕದಾಗಿದ್ದರೆ ಹಿಗ್ಗಿಸಿ ಪ್ರಯೋಜನವಿಲ್ಲ, ಬೇರೆ ಫೋಟೋ ಕೇಳಬೇಕು. ಮತ್ತು ಫಿಲ್ಟರ್ ಮಾಡಿದ ಚಿತ್ರದಿಂದ ಬಣ್ಣ ಮಾತ್ರ ತೆಗೆದುಕೊಳ್ಳಿ. ಗೆರೆ ಎಳೆಯುವುದು ಮೂಲ ಫೋಟೋ ನೋಡಿ.

ಯಾರಿಗಿಂತ ಬೇರೆ?

ಈಗ ನಿಜವಾದ ತಿರುಳಿಗೆ ಬಂದೆವು. ಫೋಟೋ ಸರಿ ಇದೆ, ಫಿಲ್ಟರ್ ಸರಿ ಇದೆ, ನಕಲು ಮಾಡಿಲ್ಲ, ಆದರೂ ಇಬ್ಬರೂ ಒಬ್ಬನೇ ಆಗುತ್ತಾನೆ. ಇಂಥ ಕಡೆ ತಪ್ಪು ಉತ್ಪ್ರೇಕ್ಷೆಯ ರೀತಿಯಲ್ಲಿದೆ.

ಅಮೆರಿಕದ ಎಂಐಟಿಯಲ್ಲಿ 1982ರಲ್ಲಿ ಸೂಸನ್ ಬ್ರೆನನ್ ಎಂಬವರು ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆಂದು ಕಂಪ್ಯೂಟರಿನಿಂದ ವ್ಯಂಗ್ಯಮುಖ ಬರೆಸುವ ಪ್ರೋಗ್ರಾಮ್ ಸಿದ್ಧಪಡಿಸಿದರು. ಅದರ ತತ್ತ್ವ ಸರಳ: ಒಂದು ಸರಾಸರಿ ಮುಖ ಇಟ್ಟುಕೊಳ್ಳುವುದು, ವ್ಯಕ್ತಿಯ ಮುಖ ಅದಕ್ಕಿಂತ ಎಲ್ಲೆಲ್ಲಿ ಬೇರೆಯೋ ಅಲ್ಲಿ ಆ ಅಂತರವನ್ನು ಹಿಗ್ಗಿಸುವುದು. ಕೈಯಲ್ಲಿ ಬರೆಯುವವರು ತಿಳಿದೋ ತಿಳಿಯದೆಯೋ ಮಾಡುವುದು ಇದನ್ನೇ. ಒಬ್ಬರ ಚಿತ್ರಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಅವಳಿಗಳಿಗೆ ಒಪ್ಪುವುದಿಲ್ಲ. ಏಕೆಂದರೆ ಸರಾಸರಿಗಿಂತ ಬೇರೆಯಾಗಿರುವುದರಲ್ಲಿ ಹೆಚ್ಚಿನ ಪಾಲು ಇಬ್ಬರಿಗೂ ಸೇರಿದ್ದು, ಮನೆತನದ್ದು. ಅದನ್ನು ಹಿಗ್ಗಿಸಿದಷ್ಟೂ ಮನೆತನವೇ ಕೂಗಾಡುತ್ತದೆ, ಇಬ್ಬರ ನಡುವಿನ ಅಂತರ ಅದರಡಿ ಮುಳುಗುತ್ತದೆ.

ಈ ಹುಡುಗರ ಅಳತೆಗಳನ್ನೇ ನೋಡೋಣ. ಕಣ್ಣುಪಾಪೆಗಳ ನಡುವಿನ ಅಂತರವನ್ನು 100 ಎಂದು ಇಟ್ಟುಕೊಂಡು, ಬಾಯಿಯ ಮಟ್ಟದಲ್ಲಿ ಮುಖದ ಅಗಲ ಅಳೆದದ್ದು. ದೊಡ್ಡವನ ಮೂರು ಫೋಟೋಗಳಲ್ಲಿ 181, 182, 183. ಸಣ್ಣವನದರಲ್ಲಿ 187, 188, 189. ಒಬ್ಬನದೇ ಫೋಟೋಗಳ ನಡುವೆ ಹೆಚ್ಚೆಂದರೆ 2ರ ಓಲಾಟ, ಇಬ್ಬರ ನಡುವೆ 6ರ ಅಂತರ. ಹಾಗಾಗಿ ಇದು ನಿಜವಾದ ವ್ಯತ್ಯಾಸ. ಮೂಗಿನ ಅಗಲ ಹಾಗಲ್ಲ. ದೊಡ್ಡವನದು 64, 66, 68. ಸಣ್ಣವನದು 65, 67, 69. ಒಬ್ಬನಲ್ಲೇ 4ರ ಓಲಾಟ ಇರುವಾಗ ಇಬ್ಬರ ನಡುವಿನ 1ಕ್ಕೆ ಏನೂ ಅರ್ಥವಿಲ್ಲ. ಅದನ್ನು ಹಿಗ್ಗಿಸಿದರೆ ಇಲ್ಲದ ವ್ಯತ್ಯಾಸ ಹುಟ್ಟಿಸಿದಂತೆ. ಮೂಗು ಇಬ್ಬರಿಗೂ ಒಂದೇ ಇರಲಿ, ಅದು ಅಜ್ಜನಿಂದ ಬಂದ ಮೂಗು.

ಅದೇ ಪ್ರಾಯದ ಸೋದರಸಂಬಂಧಿಗಳು, ಗೆಳೆಯರ ನೇರ ಫೋಟೋಗಳನ್ನು ಮನೆಯವರ ಒಪ್ಪಿಗೆಯಿಂದ ಪಡೆದು ದವಡೆಯ ಅಗಲ ಅಳೆದಾಗ ಸರಾಸರಿ 172 ಬಂತು. ಮಾಮೂಲಿ ರೀತಿಯಲ್ಲಿ ಅಂತರವನ್ನು ಒಂದೂವರೆ ಪಟ್ಟು ಮಾಡಿದರೆ ದೊಡ್ಡವ 172ಕ್ಕೆ 15 ಸೇರಿ 187, ಸಣ್ಣವ 172ಕ್ಕೆ 24 ಸೇರಿ 196. ಇಬ್ಬರೂ ದೊಡ್ಡ ದವಡೆಯ ಭೀಮಂದಿರು, ನಡುವೆ 9ರ ಅಂತರ.

ಇದರ ಬದಲು ಅಂತರವನ್ನು ಎರಡು ಪಾಲು ಮಾಡಬೇಕು. ಇಬ್ಬರ ಸರಾಸರಿ 185. ಹೊರಗಿನ ಸರಾಸರಿಗಿಂತ ಅದು 13 ಹೆಚ್ಚು, ಇದು ಮನೆತನದ ಪಾಲು. ಆ 185ರಿಂದ ದೊಡ್ಡವ 3 ಕಡಿಮೆ, ಸಣ್ಣವ 3 ಹೆಚ್ಚು, ಇದು ಸ್ವಂತದ ಪಾಲು. ಎರಡಕ್ಕೂ ಬೇರೆ ಬೇರೆ ಗುಣಕ:

```
x' = n + s(m − n) + k(x − m)
```

ಇಲ್ಲಿ `n` ಹೊರಗಿನ ಸರಾಸರಿ, `m` ಜೋಡಿಯ ಸರಾಸರಿ, `x` ಒಬ್ಬನ ಅಳತೆ. ಮನೆತನದ ಗುಣಕ `s` 1.2, ಸ್ವಂತದ ಗುಣಕ `k` 3 ಇಟ್ಟಾಗ ಮನೆತನದ 13 ಸುಮಾರು 16 ಆಗಿ ಜೋಡಿಯ ನಡುಗೆರೆ 188ರ ಹತ್ತಿರ ನಿಂತಿತು. ದೊಡ್ಡವ 179, ಸಣ್ಣವ 197. ಅಂತರ 6 ಇದ್ದದ್ದು 18 ಆಯಿತು.

ದೊಡ್ಡವನ ಸಂಖ್ಯೆಯನ್ನು ಗಮನಿಸಿ. ಅವನ ನಿಜವಾದ ದವಡೆ 182, ಕಾರ್ಟೂನಿನಲ್ಲಿ 179. ಅಗಲ ದವಡೆಯ ಹುಡುಗನನ್ನು ಇನ್ನೂ ಅಗಲ ಮಾಡುವುದು ಕೈಗೆ ಅಂಟಿದ ಅಭ್ಯಾಸ. ಇಲ್ಲಿ ಅವನನ್ನು ಫೋಟೋಕ್ಕಿಂತ ಕಿರಿದು ಮಾಡಬೇಕಾಗುತ್ತದೆ, ಕೈ ಒಪ್ಪುವುದಿಲ್ಲ. ಆದರೆ ಮನೆಯವರು ಅವನನ್ನು ದಿನವೂ ನೋಡುವುದು ತಮ್ಮನ ಪಕ್ಕದಲ್ಲಿ. ಅವರ ಕಣ್ಣಿಗೆ ಅವನು ‘ಸ್ವಲ್ಪ ಸಪೂರ ಮುಖದವ’.

ಎಷ್ಟರವರೆಗೆ ಹಿಗ್ಗಿಸಬಹುದು ಎನ್ನುವುದಕ್ಕೂ ಇಲ್ಲೇ ಉತ್ತರವಿದೆ. 179 ಇನ್ನೂ 172ಕ್ಕಿಂತ ಹೆಚ್ಚಾಗಿದೆ, ಅಂದರೆ ದೊಡ್ಡವ ಮನೆತನದ ಬದಿಯಲ್ಲೇ ಇದ್ದಾನೆ. `k` ಐದನ್ನು ದಾಟಿದರೆ ಅವನು 172ಕ್ಕಿಂತ ಕೆಳಗಿಳಿಯುತ್ತಾನೆ. ಒಬ್ಬನಿಗೆ ಅಗಲ ದವಡೆ, ಇನ್ನೊಬ್ಬನಿಗೆ ಸಾಮಾನ್ಯಕ್ಕಿಂತ ಕಿರಿದು. ‘ಒಂದೇ ಮನೆಯ ಮಕ್ಕಳೆಂದು ಅನಿಸುವುದಿಲ್ಲ’ ಎಂಬ ಎರಡನೆಯ ದೂರು ಹುಟ್ಟುವುದು ಆ ಗೆರೆ ದಾಟಿದಾಗ. ಆ ದೂರು ಬಂದರೆ ಯಾವ ಅಂಗ ಹೊರಗಿನ ಸರಾಸರಿಯ ಆಚೆ ಬದಿಗೆ ಹೋಗಿದೆ ಎಂದು ಹುಡುಕಿ, ಅದೊಂದನ್ನು ಹಿಂದಕ್ಕೆ ತಂದರೆ ಸಾಕಾಗುತ್ತದೆ. ಇಡೀ ಮುಖವನ್ನು ಮತ್ತೆ ಬರೆಯಬೇಕಾಗಿಲ್ಲ.

ಎಷ್ಟು ಅಂಗಗಳಲ್ಲಿ ಬೇರೆ ಮಾಡಬೇಕು? ನನ್ನ ಮಟ್ಟಿಗೆ ಮೂರು ಸಾಕು. ಈ ಜೋಡಿಯಲ್ಲಿ ದವಡೆ ಒಂದು. ಎರಡನೆಯದು ಹುಬ್ಬು: ದೊಡ್ಡವನದು ಕೊನೆಯವರೆಗೂ ಹೆಚ್ಚುಕಡಿಮೆ ನೇರ, ಸಣ್ಣವನದು ಮುಕ್ಕಾಲು ದೂರ ಹೋಗಿ ಬಾಗುತ್ತದೆ. ಮುಖ ಗುರುತಿಸುವುದರಲ್ಲಿ ಹುಬ್ಬಿನ ಪಾಲು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು. ಕಾರ್ಟೂನಿನಲ್ಲಂತೂ ಅದು ದಪ್ಪ ಗೆರೆ, ಒಂದಿಷ್ಟು ಬಾಗಿದರೂ ದೂರಕ್ಕೆ ಕಾಣುತ್ತದೆ. ಮೂರನೆಯದು ನಗು, ಸಣ್ಣವನ ತುಟಿಯ ಬಲತುದಿ ಮೊದಲು ಏಳುತ್ತದೆ. ಕಣ್ಣು, ಮೂಗು, ಕಿವಿ, ಹಣೆ ಇಬ್ಬರಿಗೂ ಒಂದೇ. ಬೋಳಿಸಿದ ತಲೆಯ ಆಕಾರ ಫೋಟೋದಲ್ಲಿ ಕಾಣದ್ದು. ಊಹಿಸಿ ಬರೆಯಬೇಕಾದದ್ದನ್ನು ಇಬ್ಬರಿಗೂ ಒಂದೇ ರೀತಿ ಊಹಿಸಬೇಕು.

ದೊಡ್ಡವನ ಎಡಗಣ್ಣಿನ ಕೆಳಗಿನ ಮಚ್ಚೆಯನ್ನು ತಾಯಿ ಮತ್ತೆ ಮತ್ತೆ ನೆನಪಿಸಿದರು. ಅದನ್ನು ಹಾಕಿದ್ದೇನೆ, ಆದರೆ ಎಲ್ಲ ಮುಗಿದ ಮೇಲೆ. ಮಚ್ಚೆಯನ್ನು ಹೆಬ್ಬೆರಳಿನಿಂದ ಮುಚ್ಚಿದರೂ ಯಾರೆಂದು ತಿಳಿಯಬೇಕು. ಮುಚ್ಚಿದೊಡನೆ ಗೊಂದಲವಾದರೆ ಅದೂ ನೀಲಿ ಅಂಗಿಯೇ.

ಎದುರುಬದುರು ನಿಲ್ಲಿಸುವ ಆಸೆ ಮನೆಯವರಿಗೆ ಇನ್ನೂ ಇತ್ತು. ಮುಖವನ್ನೇ ಓರೆಗೆ ತಿರುಗಿಸಿದರೆ ದವಡೆಯ ಅಗಲದ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಓರೆ ನಗುವೂ ಅರ್ಧ ಮರೆಯಾಗುತ್ತದೆ. ಹಾಗಾಗಿ ಮೈ ಮಾತ್ರ ಒಬ್ಬರ ಕಡೆಗೊಬ್ಬರು, ಮುಖ ನೋಡುವವರ ಕಡೆಗೆ. ಜನಿವಾರ ಇಬ್ಬರಿಗೂ ಎಡ ಹೆಗಲಿನಲ್ಲಿ.

ಪ್ರಾಯದ ಅಂತರ ಇರುವ ಒಡಹುಟ್ಟಿದವರಾದರೆ

ಅವಳಿಗಳಲ್ಲದ ಅಣ್ಣ-ತಂಗಿಯರಲ್ಲಿ ಕಷ್ಟ ಇನ್ನೊಂದು ಬದಿಯದು. ಬೇರೆಯಾಗಿ ಕಾಣಿಸುವುದು ತಾನಾಗಿ ಆಗುತ್ತದೆ, ಹೋಲಿಕೆ ಕೈಜಾರುತ್ತದೆ. ಅಲ್ಲಿ `k` ಒಂದರ ಆಸುಪಾಸು ಇರಲಿ, `s` ಅನ್ನು 1.5ರವರೆಗೆ ಏರಿಸಬಹುದು. ಆದರೆ `n` ಇಬ್ಬರಿಗೂ ಒಂದೇ ಇಡಬಾರದು. ಐದು ವರ್ಷದ ಮಗುವಿನ ಹಣೆ ಮುಖದ ಹೆಚ್ಚು ಪಾಲನ್ನು ತೆಗೆದುಕೊಳ್ಳುತ್ತದೆ, ಗದ್ದ ಚಿಕ್ಕದು. ಹನ್ನೆರಡು ವರ್ಷದವರ ಸರಾಸರಿಗೆ ಹೋಲಿಸಿದರೆ ಅದು ಪ್ರಾಯದ ವ್ಯತ್ಯಾಸವೇ ಹೊರತು ಆ ಮಗುವಿನ ಗುರುತಲ್ಲ. ಪ್ರತಿಯೊಬ್ಬರನ್ನೂ ಅವರವರ ಪ್ರಾಯದ ಸರಾಸರಿಗೆ ಹೋಲಿಸಿ ಎಷ್ಟು ಹೆಚ್ಚು ಕಡಿಮೆ ಎಂದು ಬರೆದುಕೊಳ್ಳಿ. ಎರಡೂ ಪಟ್ಟಿಗಳಲ್ಲಿ ಒಂದೇ ಬದಿಗೆ ವಾಲಿರುವ ಅಂಗ ಯಾವುದೋ ಅದೇ ಮನೆತನದ ಹೋಲಿಕೆ, ಅದನ್ನು ಹಿಡಿದುಕೊಳ್ಳಿ.

ಅಚ್ಚಿಗೆ ಹೋದಮೇಲೆ ಮತ್ತೆ ಒಬ್ಬನೇ ಆದರೆ

ಪರದೆಯ ಮೇಲೆ ಬೇರೆಯಾಗಿ ಕಂಡವರು ಪತ್ರಿಕೆಯಲ್ಲಿ ಒಂದಾಗುವುದುಂಟು. ಈ ಪತ್ರಿಕೆಯಲ್ಲಿ ಕಣ್ಣುಗಳ ಅಂತರ 1 ಸೆಂ.ಮೀ., ಅಂದರೆ ನಮ್ಮ ಅಳತೆಯ ಒಂದು ಅಂಶಕ್ಕೆ 0.1 ಮಿ.ಮೀ. ದವಡೆಯ ಮೂಲ ವ್ಯತ್ಯಾಸ 6 ಹಾಗೆಯೇ ಉಳಿದಿದ್ದರೆ ಅಚ್ಚಿನಲ್ಲಿ 0.6 ಮಿ.ಮೀ. ಮುಖದ ಹೊರಗೆರೆಯೇ 0.5 ಮಿ.ಮೀ. ದಪ್ಪ ಇರುವಾಗ ಅದು ಗೆರೆಯೊಳಗೇ ಮುಳುಗುತ್ತದೆ. 18 ಮಾಡಿದ್ದರಿಂದ 1.8 ಮಿ.ಮೀ. ಸಿಕ್ಕಿತು, ಅದು ಕಾಣುತ್ತದೆ. ಚಿತ್ರ ಇದಕ್ಕಿಂತ ಚಿಕ್ಕದಾಗುವುದಾದರೆ ಗೆರೆಯನ್ನು ತೆಳುವಾಗಿಸಬೇಕು. `k` ಏರಿಸಲು ಹೊರಟರೆ ಮತ್ತೆ ಎರಡನೆಯ ದೂರಿನ ಗೆರೆಗೆ ಬರುತ್ತೀರಿ.

ಕೊನೆಯ ಚೀಟಿ ಪರೀಕ್ಷೆಯನ್ನು ಪರದೆಯ ಮೇಲೆ ಮಾಡದೆ ಅಚ್ಚಿನ ಪ್ರೂಫ್ ಹಾಳೆಯಿಂದ ಕತ್ತರಿಸಿ ಮಾಡಿ. ಪತ್ರಿಕೆಯ ಹೆಚ್ಚಿನ ಪ್ರತಿಗಳು ಈಗ ವಾಟ್ಸಾಪಿನಲ್ಲೇ ಹೋಗುವುದರಿಂದ ಅದಕ್ಕೂ ಒಂದು ಎಚ್ಚರಿಕೆ: ಫೋಟೋವಾಗಿ ಕಳುಹಿಸಿದರೆ ಅದು ಕುಗ್ಗಿ, ತೆಳು ಗೆರೆಗಳೂ ಮಚ್ಚೆಯೂ ಮಸುಕಾಗುತ್ತವೆ. ಮನೆಯವರಿಗೆ ಪಿಡಿಎಫ್ ಮಾಡಿ `Document` ಆಗಿ ಕೊಡಿ, ಅವರು ಮುಂದೆ ಕಳುಹಿಸುವಾಗಲೂ ಅದೇ ಕಡತವನ್ನು ಕಳುಹಿಸಲು ಹೇಳಿ.